ಟಿ ಜಾಯಿಂಟ್ ಎಲ್ಲಿ ಕೂರಬೇಕು? ತೋಟದಲ್ಲಿ ಅಳೆದು ಕಲಿತ ಭಾಗಪ್ರಮಾಣ ಸೂತ್ರ

ಸೋಮವಾರಪೇಟೆ ಕಡೆ ನಮ್ಮ ಚಿಕ್ಕಪ್ಪನ ಕಾಫಿ ತೋಟ ಇದೆ. ಕೆಳಗೆ ಕೆರೆ, ಕೆರೆ ಪಕ್ಕ ಪಂಪ್‌ಹೌಸು, ಮೇಲೆ ಒಂದು ಸಿಮೆಂಟ್ ತೊಟ್ಟಿ. ಕೆರೆಯಿಂದ ತೊಟ್ಟಿಗೆ ಹೊಸದಾಗಿ ಪೈಪ್ ಎಳೆಸುವಾಗ ನಡುವೆ ಒಂದು ಟಿ ಜಾಯಿಂಟ್ ಬೇಕಾಯಿತು. ಅಲ್ಲಿಂದ ನರ್ಸರಿಗೆ ನೀರು ತಿರುಗಿಸಬೇಕು. ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಪಂಪಿನ ಕಡೆ ಎರಡು ಪಾಲು, ತೊಟ್ಟಿ ಕಡೆ ಮೂರು ಪಾಲು. ನರ್ಸರಿ ಅಲ್ಲಿಗೆ ನೇರ ಬರುತ್ತೆ."

ನಾನು ಮನೆಯಲ್ಲಿ ಹತ್ತನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡುವವನು. ಭಾಗಪ್ರಮಾಣ ಸೂತ್ರ ಬಾಯಲ್ಲೇ ಇದೆ. ಚೀಟಿ ಮೇಲೆ ಲೆಕ್ಕ ಮಾಡಿದೆ, ಅಳತೆ ಟೇಪು ಹಿಡಿದೆ, ಗೂಟ ಹೊಡೆದೆ. ಇಬ್ಬರು ಗುಂಡಿ ತೋಡಲು ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. "ಏನಪ್ಪಾ ಮೇಷ್ಟ್ರೇ, ಪಂಪಿನ ಹತ್ರ ಇರಬೇಕಾದ ಟಿ ತೊಟ್ಟಿ ಹತ್ರ ಹೋಗಿದೆಯಲ್ಲಾ?"

ಅವರು ಪೆನ್ನು ಮುಟ್ಟಿರಲಿಲ್ಲ. ಕಣ್ಣಲ್ಲೇ ಹಿಡಿದಿದ್ದರು. ಸರಿಯಾದ ಜಾಗಕ್ಕೂ ನಾನು ಗೂಟ ಹೊಡೆದ ಜಾಗಕ್ಕೂ 18 ಮೀಟರ್ ವ್ಯತ್ಯಾಸ. ನಾನು ಮಾಡಿದ ತಪ್ಪನ್ನೇ ನನ್ನ ಮಕ್ಕಳೂ ಪರೀಕ್ಷೆಯಲ್ಲಿ ಮಾಡುತ್ತಾರೆ. ಹಾಗಾಗಿ ಆ ಪೈಪನ್ನೇ ಹಿಡಿದುಕೊಂಡು ಹೋಗೋಣ.

ಮೊದಲು ಅಳತೆ

ನಿರ್ದೇಶಾಂಕ ಬೇಕು ಅಂದರೆ ಮೂಲಬಿಂದು ಬೇಕು. ತೋಟದ ನೈಋತ್ಯ ಮೂಲೆಯ ಗಡಿಕಲ್ಲನ್ನು (0, 0) ಅಂತ ಇಟ್ಟುಕೊಂಡೆ. ಅಲ್ಲಿಂದ ಪೂರ್ವಕ್ಕೆ ಎಷ್ಟು ಮೀಟರ್ ಅನ್ನುವುದು x, ಉತ್ತರಕ್ಕೆ ಎಷ್ಟು ಮೀಟರ್ ಅನ್ನುವುದು y. ನೈಋತ್ಯದ ಕಲ್ಲನ್ನೇ ಹಿಡಿಯಲು ಕಾರಣ ಇದೆ. ತೋಟದ ಎಲ್ಲಾ ಜಾಗವೂ ಅದರ ಪೂರ್ವಕ್ಕೆ, ಉತ್ತರಕ್ಕೆ ಬೀಳುತ್ತದೆ. ಋಣ ಸಂಖ್ಯೆಯ ಕಾಟ ಇಲ್ಲ.

ಪೂರ್ವದ ಗೆರೆಗೆ ಉತ್ತರದ ಗೆರೆ ಸರಿಯಾಗಿ ಲಂಬವಾಗಿರಬೇಕು. ಅದಕ್ಕೆ ಗಾರೆಯವರು ಮಾಡುವ ಉಪಾಯವೇ ಸಾಕು. ಒಂದು ಗೆರೆಯಲ್ಲಿ 3 ಮೀಟರ್, ಇನ್ನೊಂದರಲ್ಲಿ 4 ಮೀಟರ್ ಗುರುತು ಮಾಡಿ. ಆ ಎರಡು ಗುರುತಿನ ನಡುವೆ ದಾರ ಹಿಡಿದರೆ ಸರಿಯಾಗಿ 5 ಮೀಟರ್ ಬರಬೇಕು. ಮೊಬೈಲಿನ ಜಿಪಿಎಸ್ ಇಷ್ಟು ಚಿಕ್ಕ ಜಾಗಕ್ಕೆ ಬೇಡ. ಬಯಲಿನಲ್ಲೇ ಅದು ನಾಲ್ಕೈದು ಮೀಟರ್ ಆಚೀಚೆ ಹೇಳುತ್ತದೆ, ಮರದ ನೆರಳಲ್ಲಿ ಇನ್ನೂ ಜಾಸ್ತಿ.

ಅಳೆದಾಗ ಸಿಕ್ಕಿದ್ದು: ಪಂಪ್‌ಹೌಸು A(10, 20), ತೊಟ್ಟಿ B(85, 70).

ಸೂತ್ರ ಇಲ್ಲದೆ ಒಮ್ಮೆ

ಸೂತ್ರಕ್ಕೆ ಕೈ ಹಾಕುವ ಮೊದಲು ಸುಮ್ನೆ ನಡೆದು ನೋಡಿ. A ಇಂದ B ಗೆ ಹೋಗುವಾಗ ಪೂರ್ವಕ್ಕೆ ಎಷ್ಟು ಸರಿಯುತ್ತೇವೆ? 85 ರಲ್ಲಿ 10 ಕಳೆದರೆ 75 ಮೀಟರ್. ಉತ್ತರಕ್ಕೆ? 70 ರಲ್ಲಿ 20 ಕಳೆದರೆ 50 ಮೀಟರ್.

ಅನುಪಾತ 2:3. ಅಂದರೆ ಇಡೀ ಪೈಪನ್ನು 5 ಪಾಲು ಮಾಡಿದರೆ A ಕಡೆ 2 ಪಾಲು. ನಾವು ದಾರಿಯಲ್ಲಿ ಐದರಲ್ಲಿ ಎರಡು ಭಾಗ ನಡೆದರೆ ಪೂರ್ವಕ್ಕೂ ಐದರಲ್ಲಿ ಎರಡು ಭಾಗ ಸರಿದಿರುತ್ತೇವೆ, ಉತ್ತರಕ್ಕೂ ಅಷ್ಟೇ. ದಾರಿ ನೇರ ಇರುವುದರಿಂದ ಇದು ಸಾಧ್ಯ. ಪುಸ್ತಕದಲ್ಲಿ ಎರಡು ಸಮರೂಪ ತ್ರಿಭುಜ ಬರೆದು ಸಾಧಿಸುವುದು ಇದೇ ಮಾತನ್ನು.

75 ರಲ್ಲಿ ಐದನೇ ಎರಡು ಅಂದರೆ 30. 50 ರಲ್ಲಿ ಐದನೇ ಎರಡು ಅಂದರೆ 20. A ಇದ್ದದ್ದು (10, 20) ರಲ್ಲಿ. ಅದಕ್ಕೆ 30 ಮತ್ತು 20 ಕೂಡಿಸಿ. ಟಿ ಜಾಯಿಂಟ್ P ಬರುವುದು (40, 40) ರಲ್ಲಿ.

ಮುಗಿಯಿತು. ಪರೀಕ್ಷೆಯಲ್ಲಿ ಸೂತ್ರ ಮರೆತು ಹೋದರೂ ಈ ದಾರಿ ಮರೆಯುವುದಿಲ್ಲ. A ಯನ್ನು (x1, y1), B ಯನ್ನು (x2, y2), ಅನುಪಾತವನ್ನು m:n ಅಂತ ಇಟ್ಟುಕೊಂಡು ಅದನ್ನು ಅಕ್ಷರದಲ್ಲಿ ಬರೆದರೆ ಹೀಗೆ ಬರುತ್ತದೆ:

```
x = x1 + (m/(m+n)) (x2 - x1)
```

ಇದನ್ನೇ ಒಂದೇ ಛೇದಕ್ಕೆ ತಂದು ಕೂಡಿಸಿ. x1 ಗೆ m+n ಸಿಗುತ್ತದೆ, ಅದರಿಂದ m ಕಳೆದು ಹೋಗುತ್ತದೆ, n ಉಳಿಯುತ್ತದೆ. ಹೀಗೆ ಪುಸ್ತಕದ ಸೂತ್ರ ಬರುತ್ತದೆ:

```
x = (m·x2 + n·x1) / (m+n)
y = (m·y2 + n·y1) / (m+n)
```

ನಮ್ಮ ಲೆಕ್ಕ ಹಾಕಿದರೆ x = (2×85 + 3×10)/5 = 200/5 = 40. y = (2×70 + 3×20)/5 = 200/5 = 40. ಅದೇ ಬಂತು.

ನಾನು ಎಡವಿದ ಜಾಗ

ಸೂತ್ರವನ್ನು ಮತ್ತೊಮ್ಮೆ ನೋಡಿ. m ಅನ್ನುವುದು A ಕಡೆಯ ಪಾಲು. ಆದರೆ ಅದು ಗುಣಿಸುವುದು B ಯ x2 ಅನ್ನು. ಅಡ್ಡಡ್ಡವಾಗಿ ಹೋಗುತ್ತದೆ. ಕೈ ಮಾತ್ರ ಅಭ್ಯಾಸ ಬಲದಿಂದ m ಪಕ್ಕ x1, n ಪಕ್ಕ x2 ಬರೆದುಬಿಡುತ್ತದೆ. ಆ ದಿನ ನನ್ನ ಚೀಟಿಯಲ್ಲಿ ಇದ್ದದ್ದು ಹೀಗೆ: (2×10 + 3×85)/5 = 55, (2×20 + 3×70)/5 = 50. ಗೂಟ ಹೊಡೆದದ್ದು (55, 50) ರಲ್ಲಿ.

ಈ ತಪ್ಪಿನ ಕೆಟ್ಟ ಗುಣ ಏನು ಗೊತ್ತಾ? (55, 50) ಕೂಡ ಅದೇ ಗೆರೆಯ ಮೇಲೇ ಇದೆ. ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿದರೂ ಅಚ್ಚುಕಟ್ಟಾಗಿ A, B ನಡುವೆ ಕೂರುತ್ತದೆ. ಸಂಖ್ಯೆಗಳು ಕೂಡ ಭಿನ್ನರಾಶಿ ಇಲ್ಲದೆ ಸಲೀಸಾಗಿ ಬಂದಿವೆ. ಯಾವುದೂ ಎಚ್ಚರಿಸುವುದಿಲ್ಲ. ಅದು ನಿಜಕ್ಕೂ 3:2 ರ ಬಿಂದು, ನಮಗೆ ಬೇಕಾದದ್ದು 2:3 ರದು. ಬಿಂದು ಗೆರೆಯ ಮೇಲಿದೆಯಾ ಅಂತ ನೋಡಿದರೆ ಸಾಲದು. ಯಾವ ತುದಿಗೆ ಹತ್ತಿರ ಇದೆ ಅಂತ ನೋಡಬೇಕು. ಚಿಕ್ಕಪ್ಪ ನೋಡಿದ್ದು ಅದನ್ನೇ.

ಅಡ್ಡಡ್ಡ ಯಾಕೆ ಅನ್ನುವುದಕ್ಕೆ ನಾನು ಈಗ ಮಕ್ಕಳಿಗೆ ಕಾವಡಿಯ ಕಥೆ ಹೇಳುತ್ತೇನೆ. ಒಂದು ಕೋಲಿನ ಎರಡು ತುದಿಗೆ ಹೊರೆ ಕಟ್ಟಿ ಹೆಗಲ ಮೇಲೆ ಹೊರುತ್ತೀರಿ ಅಂದುಕೊಳ್ಳಿ. ಒಂದು ತುದಿಯಲ್ಲಿ 3 ಕೊಡ ನೀರು, ಇನ್ನೊಂದರಲ್ಲಿ 2 ಕೊಡ. ಹೆಗಲು ಎಲ್ಲಿ ಕೊಡುತ್ತೀರಿ? ಭಾರದ ತುದಿಗೆ ಹತ್ತಿರ, ಅಲ್ವಾ? ಎಷ್ಟು ಹತ್ತಿರ ಅಂದರೆ 3 ಕೊಡದ ಕಡೆ ಕೋಲಿನ 2 ಪಾಲು, 2 ಕೊಡದ ಕಡೆ 3 ಪಾಲು. ಎರಡೂ ಕಡೆ ಭಾರ ಗುಣಿಸು ದೂರ 6 ಆಗಿ ಸಮ ತೂಗುತ್ತದೆ. ಇದು ಆರ್ಕಿಮಿಡೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟ ಸನ್ನೆಕೋಲಿನ ನಿಯಮ.

ಭಾಗಪ್ರಮಾಣ ಸೂತ್ರದಲ್ಲಿ ನಡೆಯುವುದೂ ಇದೇ. ನಮ್ಮ P ಇರುವುದು A ಗೆ ಹತ್ತಿರ. ಹಾಗಾದರೆ A ಭಾರದ ತುದಿ. ದೊಡ್ಡ ಸಂಖ್ಯೆ 3 ಅದಕ್ಕೇ ಹೋಗಬೇಕು. B ದೂರದ್ದು, ಅದಕ್ಕೆ 2. ನಾನು ಬರೆಸುವ ನೋಟ್ಸಿನಲ್ಲಿ ಸೂತ್ರದ ಕೆಳಗೆ ಒಂದೇ ಸಾಲು: ಹತ್ತಿರದ ತುದಿಗೆ ದೊಡ್ಡ ಸಂಖ್ಯೆ. m, n ಯಾವುದು ಎಲ್ಲಿ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಇದು ವಾಸಿ.

ಮಧ್ಯಬಿಂದು ಅಂದರೆ ಎರಡೂ ಕಡೆ ಸಮ ಭಾರ. ಕೂಡಿಸಿ ಎರಡರಿಂದ ಭಾಗಿಸಿದರೆ ಆಯಿತು. ಅದಕ್ಕೆ ಬೇರೆ ಸೂತ್ರ ಕಲಿಯುವ ಅಗತ್ಯವೇ ಇಲ್ಲ.

ಉತ್ತರ ಬಂದ ಮೇಲೆ ತಾಳೆ ನೋಡುವುದಕ್ಕೆ ಅರ್ಧ ನಿಮಿಷ ಸಾಕು. A ಇಂದ P ಗೆ ಪೂರ್ವಕ್ಕೆ 30, P ಇಂದ B ಗೆ 45. 30:45 ಅಂದರೆ 2:3. ಉತ್ತರಕ್ಕೆ 20, ಆಮೇಲೆ 30. ಅದೂ 2:3. ಎರಡೂ ಹೊಂದಬೇಕು, ಮತ್ತು ಅದೇ ಕ್ರಮದಲ್ಲಿ ಹೊಂದಬೇಕು. 3:2 ಬಂತು ಅಂದರೆ ತಿರುಗುಮುರುಗಾಗಿದೆ ಅಂತ ಅರ್ಥ.

ತೋಟದಲ್ಲಿ ಇನ್ನೊಂದು ತಾಳೆ ತಾನಾಗಿಯೇ ಸಿಕ್ಕಿತು. AB ಯ ಉದ್ದ 8125 ರ ವರ್ಗಮೂಲ, ಸುಮಾರು 90.1 ಮೀಟರ್. ಪಿವಿಸಿ ಪೈಪು ಒಂದೊಂದು 6 ಮೀಟರ್. ಅಂದರೆ ಹದಿನೈದು ಪೈಪು. ಪಂಪಿನ ಕಡೆಯಿಂದ ಆರನೇ ಪೈಪು ಮುಗಿಯುವ ಜಾಗದಲ್ಲಿ ಟಿ, ಆಮೇಲೆ ಒಂಬತ್ತು ಪೈಪು. ಆರಕ್ಕೆ ಒಂಬತ್ತು, ಅದೇ 2:3. ಪೈಪ್ ಹಾಕುವವರು ನನ್ನ ಚೀಟಿ ನೋಡದೆ ಪೈಪು ಎಣಿಸಿದ್ದರೆ ಸಾಕಿತ್ತು. ಒಂದರೊಳಗೆ ಒಂದು ತೂರುವ ಭಾಗ ಕಳೆಯುವುದರಿಂದ ಹದಿನಾರನೇ ಪೈಪಿನ ತುಂಡು ಬೇಕಾಯಿತು ಅನ್ನಿ.

ಇಳಿಜಾರು ಇದ್ದರೆ?

ಕೊಡಗಿನಲ್ಲಿ ಸಮತಟ್ಟು ಜಾಗ ಎಲ್ಲಿದೆ? ಈ ಪ್ರಶ್ನೆ ಕೇಳಿದ್ದು ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗಿ. ಒಳ್ಳೆ ಪ್ರಶ್ನೆ.

ನೆಲ ಒಂದೇ ಸಮನೆ ಏರುತ್ತಿದ್ದರೆ ತೊಂದರೆ ಇಲ್ಲ. ತೊಟ್ಟಿ ಪಂಪಿಗಿಂತ 12 ಮೀಟರ್ ಮೇಲಿದೆ ಅಂದುಕೊಳ್ಳಿ. ಎತ್ತರಕ್ಕೂ ಅದೇ ಸೂತ್ರ ಹಾಕಬಹುದು: (2×12 + 3×0)/5 = 4.8 ಮೀಟರ್. ಟಿ ಜಾಯಿಂಟ್ ಪಂಪಿಗಿಂತ 4.8 ಮೀಟರ್ ಮೇಲಿರುತ್ತದೆ. ಅನುಪಾತ ಕೆಡುವುದಿಲ್ಲ. ಪೈಪಿನ ಉದ್ದ ಮಾತ್ರ 90.1 ರಿಂದ 90.9 ಮೀಟರ್‌ಗೆ ಏರುತ್ತದೆ.

ನಡುವೆ ಒಂದು ದಿಣ್ಣೆಯೋ ಹಳ್ಳವೋ ಇದ್ದರೆ ಮಾತು ಬೇರೆ. ನಕ್ಷೆಯಲ್ಲಿ 2:3 ಇದ್ದದ್ದು ನೆಲದ ಮೇಲೆ ಟೇಪು ಹಾಸಿದಾಗ 2:3 ಬರುವುದಿಲ್ಲ. ರಸ್ತೆಗೂ ಅಷ್ಟೇ. ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಮಧ್ಯಬಿಂದು ಗುರುತು ಮಾಡಿದರೆ, ಬಸ್ಸಿನಲ್ಲಿ ಅರ್ಧ ದೂರ ಬಂದಾಗ ನೀವು ಅಲ್ಲೇ ಇರುತ್ತೀರಿ ಅನ್ನುವ ಖಾತ್ರಿ ಇಲ್ಲ. ಮಡಿಕೇರಿ ಕಡೆ ತಿರುವು ಜಾಸ್ತಿ, ಕುಶಾಲನಗರ ಕಡೆ ರಸ್ತೆ ನೇರ. ಸೂತ್ರ ಮಾತಾಡುವುದು ನೇರ ರೇಖಾಖಂಡದ ಬಗ್ಗೆ ಮಾತ್ರ.

ಬಿಂದು ಗೊತ್ತಿದೆ, ಅನುಪಾತ ಗೊತ್ತಿಲ್ಲ

ಇದು ಪರೀಕ್ಷೆಯಲ್ಲಿ ಪದೇ ಪದೇ ಬರುವ ಉಲ್ಟಾ ಪ್ರಶ್ನೆ. ನಮ್ಮ ಪೈಪು ಹೋಗುವ ದಾರಿಯಲ್ಲಿ x = 25 ಅನ್ನುವ ಗೆರೆಗೆ ಒಂದು ಬೇಲಿ ಇದೆ. ಬೇಲಿ ಪೈಪನ್ನು ಯಾವ ಅನುಪಾತದಲ್ಲಿ ಕತ್ತರಿಸುತ್ತದೆ?

m, n ಎರಡನ್ನೂ ಹುಡುಕಲು ಹೋಗಬೇಡಿ. ನಮಗೆ ಬೇಕಾದದ್ದು ಅನುಪಾತ ತಾನೇ? k:1 ಅಂತ ಇಟ್ಟುಕೊಂಡರೆ ಗೊತ್ತಿಲ್ಲದ್ದು ಒಂದೇ ಉಳಿಯುತ್ತದೆ.

```
(85k + 10) / (k + 1) = 25
85k + 10 = 25k + 25
60k = 15
k = 1/4
```

ಅನುಪಾತ 1:4. ಅದನ್ನು y ಗೆ ಹಾಕಿದರೆ (1×70 + 4×20)/5 = 30. ಪೈಪು ಬೇಲಿಯನ್ನು ದಾಟುವುದು (25, 30) ರಲ್ಲಿ. k ಯ ಬೆಲೆ ಕಾಲು ಬಂದಾಗ ಕೆಲವರು ಗಾಬರಿಯಾಗಿ 4:1 ಬರೆಯುತ್ತಾರೆ. ಕಾಲು:1 ಅಂದರೆ 1:4. ಬೇಲಿ ಪಂಪಿಗೆ ಹತ್ತಿರ ಇದೆ, ಅದು ಸರಿಹೋಗುತ್ತದೆ.

ಬಿಂದು ಪೂರ್ತಿ ಕೊಟ್ಟಿದ್ದರೆ x ಇಂದ ಒಮ್ಮೆ, y ಇಂದ ಒಮ್ಮೆ k ಹುಡುಕಿ. ಎರಡೂ ಒಂದೇ ಬಂದರೆ ಬಿಂದು ಗೆರೆಯ ಮೇಲಿದೆ. (25, 32) ಅಂತ ಯಾರಾದರೂ ಕೊಟ್ಟರೆ x ಕಾಲು ಅನ್ನುತ್ತದೆ, y ಮಾತ್ರ 6/19 ಅನ್ನುತ್ತದೆ. ಆ ಬಿಂದು ಪೈಪಿನ ಮೇಲೆ ಇಲ್ಲವೇ ಇಲ್ಲ.

k ಋಣ ಸಂಖ್ಯೆ ಬಂದರೆ ಲೆಕ್ಕ ತಪ್ಪಿದೆ ಅಂತಲೇ ಅಲ್ಲ. x = 100 ಹಾಕಿ ನೋಡಿ, k = −6 ಬರುತ್ತದೆ. ತೊಟ್ಟಿಯನ್ನೂ ದಾಟಿ ಹೊರಗೆ ಹೋದ ಬಿಂದು ಅದು. ಗೆರೆಯನ್ನು ಹೊರಗಿನಿಂದ ಭಾಗಿಸುತ್ತದೆ.

ಮೂರು ಗಡಿಕಲ್ಲು

ಈಗ ಎರಡು ತುದಿಯ ಬದಲು ಮೂರು ಮೂಲೆ. ತೋಟದ ಮೇಲ್ಭಾಗದಲ್ಲಿ ಮೂರು ಮೂಲೆಯ ಒಂದು ತುಂಡು ಇದೆ. ಗಡಿಕಲ್ಲುಗಳು A(6, 12), B(66, 24), C(30, 84). ಅಕ್ಷರ ಅದೇ, ಜಾಗ ಬೇರೆ.

ಪ್ರತಿ ಮೂಲೆಯಲ್ಲೂ ಒಂದೊಂದು ಮೂಟೆ ಇಟ್ಟಿದ್ದೇವೆ ಅಂದುಕೊಳ್ಳಿ, ಮೂರೂ ಒಂದೇ ತೂಕ. B ಮತ್ತು C ಯ ಮೂಟೆಗಳು ಸೇರಿ ತೂಗುವ ಜಾಗ ಅವುಗಳ ಮಧ್ಯಬಿಂದು D. ಅದು (48, 54). ಆ ಎರಡು ಮೂಟೆಯನ್ನು D ಗೇ ತಂದಿಟ್ಟಂತೆ. ಉಳಿದದ್ದು A ಯಲ್ಲಿ ಒಂದು ಮೂಟೆ, D ಯಲ್ಲಿ ಎರಡು. ಕಾವಡಿ AD. ಹೆಗಲು ಎಲ್ಲಿ? ಭಾರದ ತುದಿ D ಗೆ ಹತ್ತಿರ. A ಕಡೆ 2 ಪಾಲು, D ಕಡೆ 1 ಪಾಲು.

ಪುಸ್ತಕದಲ್ಲಿ "ಗುರುತ್ವ ಕೇಂದ್ರವು ಮಧ್ಯರೇಖೆಯನ್ನು 2:1 ಅನುಪಾತದಲ್ಲಿ ವಿಭಾಗಿಸುತ್ತದೆ" ಅಂತ ಇರುವುದು ಇದೇ. ಆ 2:1 ಎಲ್ಲಿಂದ ಬಂತು ಅಂತ ಕೇಳಿದರೆ ನನ್ನ ಹತ್ತಿರ ಬರುವ ಮಕ್ಕಳಲ್ಲಿ ಹೆಚ್ಚಿನವರು ಮೇಲೆ ನೋಡುತ್ತಾರೆ. ಮೂರು ಮೂಟೆಯಲ್ಲಿ ಎರಡು ಒಂದು ಕಡೆ ಸೇರಿದ್ದೇ ಕಾರಣ.

ಸೂತ್ರ ಹಾಕೋಣ. x = (2×48 + 1×6)/3 = 102/3 = 34. y = (2×54 + 1×12)/3 = 120/3 = 40. ಗುರುತ್ವ ಕೇಂದ್ರ G(34, 40).

ಇಲ್ಲಿ ಒಂದು ಚಂದ ಇದೆ. 48 ಬಂದದ್ದು (66 + 30) ರ ಅರ್ಧದಿಂದ. ಅದನ್ನು ಮತ್ತೆ 2 ರಿಂದ ಗುಣಿಸಿದೆವು. ಅರ್ಧವೂ ಎರಡೂ ಹೊಡೆದು ಹೋಗಿ 66 + 30 ಹಾಗೇ ಉಳಿಯಿತು. ಅದಕ್ಕೆ 6 ಕೂಡಿಸಿ ಮೂರರಿಂದ ಭಾಗಿಸಿದೆವು. ಅಂದರೆ:

```
x = (x1 + x2 + x3) / 3
y = (y1 + y2 + y3) / 3
```

ಮೂರು ಮೂಲೆಯೂ ಸಮ. A ಇಂದ ಶುರು ಮಾಡಿದ್ದು ಎಲ್ಲೂ ಕಾಣುವುದಿಲ್ಲ. ಹಾಗಾಗಿ B ಇಂದ ಹೊರಟರೂ ಅದೇ ಜಾಗ ಸಿಗಬೇಕು. ನೋಡಿ: AC ಮಧ್ಯಬಿಂದು (18, 48). (2×18 + 66)/3 = 34. (2×48 + 24)/3 = 40. ಮೂರು ಮಧ್ಯರೇಖೆ ಒಂದೇ ಬಿಂದುವಿನಲ್ಲಿ ಸೇರುತ್ತವೆ ಅನ್ನುವುದೂ ಇಲ್ಲೇ ಸಾಧಿತವಾಯಿತು.

ಕೈಯಲ್ಲಿ ನೋಡಬೇಕು ಅಂದರೆ ಹಳೆ ಕ್ಯಾಲೆಂಡರಿನ ರಟ್ಟು ತೆಗೆದುಕೊಳ್ಳಿ. 1 ಸೆಂ.ಮೀ.ಗೆ 6 ಮೀಟರ್ ಲೆಕ್ಕದಲ್ಲಿ ಮೂಲೆಗಳು (1, 2), (11, 4), (5, 14) ಆಗುತ್ತವೆ. ಕತ್ತರಿಸಿ. ಸುಮಾರು (5.7, 6.7) ರಲ್ಲಿ ಚುಕ್ಕಿ ಇಟ್ಟು ಪೆನ್ಸಿಲಿನ ಮೊಂಡು ತುದಿಯ ಮೇಲೆ ಕೂರಿಸಿ. ನಿಲ್ಲುತ್ತದೆ. ರಟ್ಟು ಸೊಟ್ಟಗಿದ್ದರೆ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲಾ ರಟ್ಟೂ ಸೊಟ್ಟಗೇ ಇರುತ್ತದೆ. ಬೇಸಿಗೆಯಲ್ಲಿ ಮಾಡಿ.

ಇದಕ್ಕೂ ಉಲ್ಟಾ ಪ್ರಶ್ನೆ ಬರುತ್ತದೆ. G ಮತ್ತು ಎರಡು ಮೂಲೆ ಕೊಟ್ಟು ಮೂರನೆಯದನ್ನು ಕೇಳುತ್ತಾರೆ. G ಯ ಮೂರರಷ್ಟರಿಂದ ಎರಡನ್ನೂ ಕಳೆಯಿರಿ: x ಗೆ 3×34 − 6 − 66 = 30. C ಯ x ಸಿಕ್ಕಿತು.

ಒಂದು ಎಚ್ಚರಿಕೆ ಮಾತ್ರ ಬೇಕು. ಗುರುತ್ವ ಕೇಂದ್ರ ಅಂದರೆ ಮೂರೂ ಮೂಲೆಗೆ ಸಮ ದೂರದ ಜಾಗ ಅಲ್ಲ. ನಮ್ಮ G ಇಂದ A ಗೆ 39.6 ಮೀಟರ್, B ಗೆ 35.8, C ಗೆ 44.2. ಸಮ ದೂರ ಬೇಕಾದರೆ ಅದು ಪರಿವೃತ್ತದ ಕೇಂದ್ರ, ಅದರ ಲೆಕ್ಕವೇ ಬೇರೆ. ಮೂರು ಲೈನ್ ಮನೆಗೆ ಸಮ ದೂರದಲ್ಲಿ ನಲ್ಲಿ ಹಾಕಬೇಕು ಅಂತ ಯಾರಾದರೂ ಕೇಳಿದರೆ ಮೂರರಿಂದ ಭಾಗಿಸಲು ಹೋಗಬೇಡಿ.

ನಾಲ್ಕು ಮೂಲೆ ಬಂದಾಗ

ಕೊಯ್ಲಿನ ಸಮಯದಲ್ಲಿ ಸಂಜೆ ಎಲ್ಲರೂ ಕೊಯ್ದ ಹಣ್ಣನ್ನು ಚೀಲದಲ್ಲಿ ತಂದು ತೂಕ ಹಾಕಿಸುತ್ತಾರೆ. ತೂಕದ ಜಾಗ ತುಂಡಿನ ನಡುವೆ ಇದ್ದರೆ ಹೊರುವುದು ಕಮ್ಮಿ. ಚಿಕ್ಕಪ್ಪ ನಾಲ್ಕು ಮೂಲೆಯ ಒಂದು ತುಂಡಿನ ನಡು ಎಲ್ಲಿ ಅಂತ ಕೇಳಿದರು. ಆ ತುಂಡಿನದೇ ಒಂದು ಮೂಲೆಯನ್ನು ಸೊನ್ನೆ ಇಟ್ಟರೆ A(0, 0), B(60, 0), C(60, 30), D(0, 90). ಒಂದು ಎಕರೆಗೆ ಸ್ವಲ್ಪ ಕಮ್ಮಿ, 3600 ಚದರ ಮೀಟರ್.

ಮೂರಕ್ಕೆ ಮೂರರಿಂದ ಭಾಗಿಸಿದೆವು, ನಾಲ್ಕಕ್ಕೆ ನಾಲ್ಕರಿಂದ ಭಾಗಿಸಿದರೆ ಆಯಿತು ಅಂತ ಅನ್ನಿಸುತ್ತದೆ. (30, 30) ಬರುತ್ತದೆ. ಅದು ತಪ್ಪು. ನಾಲ್ಕು ಮೂಲೆಯಲ್ಲಿ ನಾಲ್ಕು ಮೂಟೆ ಇಟ್ಟರೆ ತೂಗುವ ಜಾಗ ಅದು, ಸರಿ. ಆದರೆ ಕಾಫಿ ಇರುವುದು ಮೂಲೆಯಲ್ಲಿ ಅಲ್ಲ, ಇಡೀ ತುಂಡಿನಲ್ಲಿ ಹರಡಿದೆ. ತ್ರಿಭುಜದಲ್ಲಿ ಮೂಲೆಯ ಲೆಕ್ಕವೂ ಹರವಿನ ಲೆಕ್ಕವೂ ಒಂದೇ ಬಿಂದುವಿಗೆ ಬರುತ್ತವೆ. ಚತುರ್ಭುಜದಲ್ಲಿ ಆ ಭಾಗ್ಯ ಸಾಮಾನ್ಯವಾಗಿ ಇಲ್ಲ. ಸಮಾಂತರ ಚತುರ್ಭುಜ ಆದರೆ ಮಾತ್ರ ಒಂದೇ ಬರುತ್ತದೆ.

ಸರಿಯಾದ ದಾರಿ ಇದು. AC ಕರ್ಣ ಎಳೆದು ಎರಡು ತ್ರಿಭುಜ ಮಾಡಿ.

ABC ಗೆ ಪಾದ 60, ಎತ್ತರ 30, ವಿಸ್ತೀರ್ಣ 900. ಅದರ ಗುರುತ್ವ ಕೇಂದ್ರ (120/3, 30/3), ಅಂದರೆ (40, 10). ACD ಗೆ ಪಾದ AD 90, ಎತ್ತರ 60, ವಿಸ್ತೀರ್ಣ 2700. ಅದರ ಕೇಂದ್ರ (60/3, 120/3), ಅಂದರೆ (20, 40).

ಈಗ ಮತ್ತೆ ಎರಡೇ ಬಿಂದು, ನಡುವೆ ಕಾವಡಿ. ಒಂದು ತುದಿಯಲ್ಲಿ 900 ರ ಭಾರ, ಇನ್ನೊಂದರಲ್ಲಿ 2700. ಅಂದರೆ 1 ಮತ್ತು 3. ಭಾರ ಯಾವ ತುದಿಯಲ್ಲಿದೆಯೋ ಆ ತುದಿಯ ನಿರ್ದೇಶಾಂಕಕ್ಕೇ ಆ ಸಂಖ್ಯೆ:

```
x = (1×40 + 3×20) / 4 = 25
y = (1×10 + 3×40) / 4 = 32.5
```

(25, 32.5). ಮೂಲೆಗಳ ಸರಾಸರಿಗೂ ಇದಕ್ಕೂ ಐದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ತುಂಡು ಪಶ್ಚಿಮಕ್ಕೆ ಅಗಲ, ಪೂರ್ವಕ್ಕೆ ಕಿರಿದು. ನಡು ಪಶ್ಚಿಮಕ್ಕೆ ಸರಿಯಲೇಬೇಕು, ಸರಿದಿದೆ.

ತಾಳೆ ನೋಡಲು ಇನ್ನೊಂದು ಕರ್ಣ BD ಎಳೆಯಿರಿ. ABD ಯ ವಿಸ್ತೀರ್ಣ 2700, ಕೇಂದ್ರ (20, 30). BCD ಯದು 900, ಕೇಂದ್ರ (40, 40). (3×20 + 40)/4 = 25, (3×30 + 40)/4 = 32.5. ಎರಡು ಕರ್ಣವೂ ಒಂದೇ ಉತ್ತರ ಕೊಡಬೇಕು. ಕೊಡದಿದ್ದರೆ ವಿಸ್ತೀರ್ಣದಲ್ಲೋ ಭಾರ ಹಾಕಿದ ತುದಿಯಲ್ಲೋ ತಪ್ಪಿದೆ. ನಾನಂತೂ ಮೊದಲು ನೋಡುವುದು ತುದಿಯನ್ನೇ.

ಗಡಿ ಒಳಕ್ಕೆ ಮಡಚಿಕೊಂಡ ತುಂಡಾದರೆ, ಉದಾಹರಣೆಗೆ ಕತ್ತಿಯಂತೆ ಬಾಗಿದ ಜಾಗ, ಗುರುತ್ವ ಕೇಂದ್ರ ಪಕ್ಕದವರ ತೋಟದಲ್ಲಿ ಬಿದ್ದರೂ ಬೀಳಬಹುದು. ತ್ರಿಭುಜದಲ್ಲಿ ಅದು ಯಾವಾಗಲೂ ಒಳಗೇ ಇರುತ್ತದೆ. ಇನ್ನೊಂದು ಮಾತು, ನಡಿಗೆಯ ಒಟ್ಟು ದೂರ ಅತಿ ಕಮ್ಮಿ ಆಗುವ ಜಾಗ ನಿಖರವಾಗಿ ಇದೇ ಅಲ್ಲ. ಆದರೆ ಇಂಥ ತುಂಡಿನಲ್ಲಿ ಅದಕ್ಕೆ ತೀರಾ ದೂರವೂ ಇರುವುದಿಲ್ಲ. ತೂಕದ ಕೊಕ್ಕೆ ನೇತುಹಾಕಲು ಅಷ್ಟು ಸಾಕು.

ಈ ಸಲ ನಾನು ಗೂಟ ಹೊಡೆಯುವ ಮೊದಲೇ ಚಿಕ್ಕಪ್ಪನನ್ನು ಕರೆದೆ. ಟೇಪು ಹಿಡಿದು 25 ಪೂರ್ವಕ್ಕೆ, 32.5 ಉತ್ತರಕ್ಕೆ ಹೋದೆವು. ಅಲ್ಲಿ ಒಂದು ದೊಡ್ಡ ಹಲಸಿನ ಮರ ಇತ್ತು. "ಗೂಟ ಬೇಡ, ಕೊಕ್ಕೆ ಇದರ ಕೊಂಬೆಗೇ ಹಾಕಿದರಾಯ್ತು" ಅಂದರು.